186 ಸ್ಲೈಡು, ಎರಡು ದೀನಾಪುರ

ಭಾನುವಾರ ಸಂಜೆ ಅಸ್ಸಿ ಘಾಟಿನ ಮೆಟ್ಟಿಲ ಮೇಲೆ ಕೂತು ಕುಲ್ಹಡ್‌ನಲ್ಲಿ ಚಹಾ ಕುಡಿಯುತ್ತಿದ್ದಾಗ ಬೆಂಗಳೂರಿನಿಂದ ಮ್ಯಾನೇಜರ್ ಫೋನು ಬಂತು. "ಒಂದು ಡೆಕ್ ಕಳಿಸಿದ್ದೀನಿ. ನಿಮ್ಮ ಊರಿನದೇ. ನಾಳೆ ಹತ್ತು ಗಂಟೆಗೆ ಒಂದು ಪುಟದ ಸಾರಾಂಶ ಬೇಕು." ನನ್ನ ಊರು ಹಾಸನ. ಹೆಂಡತಿಗೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿ, ನಾನು ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಪಡೆದು ಲಂಕಾ ಬಡಾವಣೆಗೆ ಬಂದು ಮೂರು ವರ್ಷವಾಯಿತು. ಅಷ್ಟಕ್ಕೇ ಆಫೀಸಿನವರ ಲೆಕ್ಕದಲ್ಲಿ ಕಾಶಿ ನನ್ನ ಊರಾಗಿಬಿಟ್ಟಿದೆ.

ಮನೆಗೆ ಬಂದು ಫೈಲು ತೆರೆದೆ. 186 ಸ್ಲೈಡು. ವಿಷಯ: ವಾರಾಣಸಿಯ ಕೊಳಚೆ ನೀರು, ಅದನ್ನು ಶುದ್ಧ ಮಾಡುವ ಘಟಕಗಳು, ಪಂಪಿಂಗ್ ಸ್ಟೇಷನ್ನುಗಳು, ಗಂಗೆಗೆ ಬಂದು ಬೀಳುವ ನಾಲೆಗಳು. ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆಯವರು ಮಾಡಿದ ಸ್ಲೈಡುಗಳನ್ನು ಯಾರೋ ಒಟ್ಟಿಗೆ ಹೊಲಿದು ಕೊಟ್ಟಿದ್ದರು. ಅರ್ಧ ಇಂಗ್ಲಿಷು, ಅರ್ಧ ಹಿಂದಿ, ನಡುನಡುವೆ ಗಂಗಾ ಆರತಿಯ ಫೋಟೋ. ಇಂಥ ಡೆಕ್ಕುಗಳನ್ನು ನೀವೂ ನೋಡಿರುತ್ತೀರಿ. ಗುರುಗ್ರಾಮವಾಗಲಿ ಪುಣೆಯಾಗಲಿ, ಡೆಕ್ಕಿನ ಜಾತಿ ಒಂದೇ.

ಗ್ರಾಹಕರ ಕಡತ ಹೊರಗಿನ ಯಾವ ಸೇವೆಗೂ ಹೋಗಕೂಡದು ಎಂಬುದು ಒಪ್ಪಂದ. ಅದಕ್ಕಾಗಿ ನಮ್ಮದೇ ಸರ್ವರಿನಲ್ಲಿ ಒಂದು ಚಿಕ್ಕ ಭಾಷಾ ಮಾಡೆಲ್ ಕೂರಿಸಿಕೊಂಡಿದ್ದೇವೆ. ಅದು ಒಂದು ಸಲಕ್ಕೆ ಹಿಡಿದುಕೊಳ್ಳುವುದು 8,192 ಟೋಕನ್ ಮಾತ್ರ. ಟೋಕನ್ ಎಂದರೆ ಪದವನ್ನು ಮಾಡೆಲ್ ತನಗೆ ಬೇಕಾದಂತೆ ಒಡೆದುಕೊಂಡ ತುಂಡು. ಇಂಗ್ಲಿಷಿನ ಸಾಮಾನ್ಯ ಪದಕ್ಕೆ ಹೆಚ್ಚೂಕಡಿಮೆ ಒಂದು ಟೋಕನ್ ಸಾಕು. ಹಿಂದಿ, ಕನ್ನಡದ ಪದ ನಾಲ್ಕಾರು ತುಂಡಾಗುವುದೂ ಉಂಟು. ಹೀಗಾಗಿ ಕಣ್ಣಿಗೆ ಚಿಕ್ಕದಾಗಿ ಕಾಣುವ ಹಿಂದಿ ಸ್ಲೈಡು ಇಂಗ್ಲಿಷ್ ಸ್ಲೈಡಿಗಿಂತ ಹೆಚ್ಚು ಜಾಗ ತಿನ್ನುತ್ತದೆ. ಇಡೀ ಡೆಕ್ಕಿನ ಪಠ್ಯ ಎಣಿಸಿದಾಗ ಸುಮಾರು 46,000 ಟೋಕನ್ ಬಂತು. 8,192ರಲ್ಲಿ ನಮ್ಮ ಸೂಚನೆಗೆ 500, ಅದು ಬರೆಯುವ ಉತ್ತರಕ್ಕೆ 700 ಬಿಟ್ಟರೆ ಉಳಿಯುವುದು ಏಳು ಸಾವಿರಕ್ಕಿಂತ ಕಡಿಮೆ. ಒಂದೇ ಗುಟುಕಿಗೆ ಇಳಿಯುವ ಮಾತಲ್ಲ.

ದೊಡ್ಡ ಮಾಡೆಲ್ ಇದ್ದಿದ್ದರೆ ಸಲೀಸಾಗುತ್ತಿತ್ತಲ್ಲ ಎನ್ನುತ್ತೀರಿ. ಲಕ್ಷಗಟ್ಟಲೆ ಟೋಕನ್ ಹಿಡಿಯುವ ಮಾಡೆಲ್‌ಗಳು ಈಗ ಇವೆ, ನಿಜ. ಆದರೆ ಹಿಡಿಯುವುದು ಬೇರೆ, ಎಲ್ಲ ಭಾಗಕ್ಕೂ ಒಂದೇ ಸಮ ಗಮನ ಕೊಡುವುದು ಬೇರೆ. ಉದ್ದ ಪಠ್ಯದಲ್ಲಿ ಶುರುವಿನದೂ ಕೊನೆಯದೂ ಚೆನ್ನಾಗಿ ಸಿಕ್ಕಿ, ನಡುವಿನದು ಜಾರಿಹೋಗುವುದನ್ನು 2023ರಲ್ಲೇ ಸಂಶೋಧಕರು ತೋರಿಸಿದ್ದರು. ಊಟದ ಪಂಕ್ತಿಯಲ್ಲಿ ನಡುವೆ ಕೂತವರಿಗೆ ಪಾಯಸ ಕೈತಪ್ಪುವ ಹಾಗೆ.

ಆದ್ದರಿಂದ ಹಳೆಯ ಉಪಾಯವೇ ಗತಿ: ತುಂಡು ಮಾಡು, ಒಂದೊಂದು ತುಂಡಿಗೂ ಸಾರಾಂಶ ಬರೆಸು, ಕೊನೆಗೆ ಸಾರಾಂಶಗಳನ್ನೆಲ್ಲ ಒಟ್ಟುಗೂಡಿಸಿ ಒಂದು ಸಾರಾಂಶ ಮಾಡು. ನಮ್ಮ ಮಂದಿ ಇದಕ್ಕೆ ಮ್ಯಾಪ್-ರಿಡ್ಯೂಸ್ ಎನ್ನುತ್ತಾರೆ. 2004ರಲ್ಲಿ ಗೂಗಲ್‌ನ ಜೆಫ್ರಿ ಡೀನ್ ಮತ್ತು ಸಂಜಯ್ ಘೇಮಾವತ್ ಬರೆದ ಪ್ರಬಂಧದ ಹೆಸರೇ ಇದು. ಅಲ್ಲಿನ ಪ್ರಸಿದ್ಧ ಉದಾಹರಣೆ ಪದ ಎಣಿಸುವುದು. ಸಾವಿರ ಕಡತಗಳಲ್ಲಿ 'ನೀರು' ಎಂಬ ಪದ ಎಷ್ಟು ಸಲ ಬಂದಿದೆ ಎಂದು ನೋಡಬೇಕಾದರೆ ಹತ್ತು ಜನ ನೂರು ನೂರು ಕಡತ ಹಂಚಿಕೊಂಡು ಎಣಿಸಿ, ಕೊನೆಗೆ ಕೂಡಿದರಾಯಿತು. ಎಲ್ಲಿ ಕತ್ತರಿಸಿದರೂ ಮೊತ್ತ ಬದಲಾಗುವುದಿಲ್ಲ.

ಸಾರಾಂಶ ಹಾಗಲ್ಲ. ಎಲ್ಲಿ ಕತ್ತರಿಸಿದಿರಿ ಎನ್ನುವುದರ ಮೇಲೆ ಸಾರಾಂಶವೇ ಬದಲಾಗುತ್ತದೆ. ಹೆಸರು ಎರವಲು ತಂದಾಗ ಈ ವ್ಯತ್ಯಾಸ ನಾವು ಮರೆತುಬಿಟ್ಟೆವು. ಆ ರಾತ್ರಿ ನಾನೂ ಮರೆತಿದ್ದೆ.

ಮೊದಲ ಸುತ್ತು ಸೋಮಾರಿತನದ್ದು. 15 ಸ್ಲೈಡಿಗೆ ಒಂದರಂತೆ 13 ತುಂಡು ಮಾಡಿದೆ. ಪ್ರತಿ ತುಂಡಿಗೂ ಒಂದೇ ಸೂಚನೆ: ಮುಖ್ಯವಾದ ಐದು ಅಂಶ ಬರೆ. ಹದಿಮೂರೂ ಬಂದ ಮೇಲೆ ಅವನ್ನು ಒಂದರ ಕೆಳಗೊಂದು ಅಂಟಿಸಿ, ಇದನ್ನೆಲ್ಲ ಸೇರಿಸಿ ಒಂದು ಪುಟ ಮಾಡು ಎಂದೆ. ಹತ್ತು ನಿಮಿಷದಲ್ಲಿ ಪುಟ ತಯಾರು. ಭಾಷೆ ನಯವಾಗಿತ್ತು, ಅನುಮಾನಕ್ಕೆ ಎಡೆಯೇ ಇರಲಿಲ್ಲ. ಅದನ್ನೇ ಕಳಿಸಿ ಮಲಗುವುದರಲ್ಲಿದ್ದೆ.

ಅಡುಗೆಮನೆಯಿಂದ ಬಂದ ಹೆಂಡತಿ ಹೆಗಲ ಮೇಲಿಂದ ಬಗ್ಗಿ ಓದಿದಳು. "ರೀ, ಈ ನಾಲೆ ತಿರುಗಿಸೋ ಕೆಲಸ ಮುಗ್ದಿದೆ ಅಂತ ಬರ್ದಿದ್ದೀರಲ್ಲ, ಬೆಳಿಗ್ಗೆ ತಾನೇ ಮೂಗು ಮುಚ್ಕೊಂಡು ದಾಟ್ಕೊಂಡ್ ಬಂದೆ. ಯಾವಾಗ ಮುಗೀತು?"

"ಡೆಕ್‌ನಲ್ಲಿ ಹಾಗಿದೆ ಕಣೇ" ಅಂದೆ.

"ಎಲ್ಲಿದೆ ತೋರ್ಸಿ."

ತೋರಿಸಲು ಹೋದೆ. 48ನೇ ಸ್ಲೈಡಿನಲ್ಲಿ ಆ ಕಾಮಗಾರಿ ಇತ್ತು: ನಾಲೆಯ ಹೆಸರು, ಪೈಪಿನ ಉದ್ದ, ವೆಚ್ಚ. ಮುಗಿದಿದೆ ಎಂದು ಎಲ್ಲೂ ಇಲ್ಲ. ಮುಗಿದಿಲ್ಲ ಎಂದೂ ಇಲ್ಲ. ಮೂರು ಸ್ಲೈಡು ಹಿಂದೆ ಹೋದೆ. 45ನೇ ಸ್ಲೈಡಿನ ಮಧ್ಯದಲ್ಲಿ ದೊಡ್ಡ ಹಿಂದಿ ಅಕ್ಷರದಲ್ಲಿ ಎರಡೇ ಪದ: 'ಪ್ರಸ್ತಾವಿತ್ ಕಾರ್ಯ'. ಮುಂದೆ ಮಾಡಬೇಕೆಂದಿರುವ ಕೆಲಸಗಳು. 46ರಿಂದ 52ರವರೆಗೆ ಅದರ ಪಟ್ಟಿ. ನನ್ನ ಕತ್ತರಿ ಬಿದ್ದದ್ದು ಸರಿಯಾಗಿ 45ಕ್ಕೂ 46ಕ್ಕೂ ನಡುವೆ. ತಲೆಬರಹ ಮೂರನೇ ತುಂಡಿನ ಬಾಲವಾಯಿತು, ಪಟ್ಟಿ ನಾಲ್ಕನೇ ತುಂಡಿನ ತಲೆಯಾಯಿತು. ನಾಲ್ಕನೇ ತುಂಡು ಓದಿದ ಮಾಡೆಲ್‌ಗೆ ಇವು ಪ್ರಸ್ತಾಪಗಳೆಂದು ತಿಳಿಯುವ ದಾರಿಯೇ ಇರಲಿಲ್ಲ. ಮೊದಲ ಸಾರಾಂಶದಲ್ಲಿ ಅದು 'ಕಾಮಗಾರಿ' ಎಂದಷ್ಟೇ ಬರೆದಿತ್ತು. ಒಟ್ಟುಗೂಡಿಸುವಾಗ ಅಕ್ಕಪಕ್ಕದ ತುಂಡುಗಳಲ್ಲಿ ಮುಗಿದ ಕೆಲಸಗಳಿದ್ದವು, ಇದೂ ಅವುಗಳ ಸಾಲಿಗೆ ಸೇರಿ ಮುಗಿದುಹೋಯಿತು. ಸುಳ್ಳು ಹುಟ್ಟಿದ್ದು ಒಂದೇ ಜಾಗದಲ್ಲಲ್ಲ. ಮೊದಲ ಹಂತದಲ್ಲಿ ಒಂದು ಪದ ಬಿದ್ದುಹೋಯಿತು, ಎರಡನೇ ಹಂತದಲ್ಲಿ ಆ ಖಾಲಿ ಜಾಗ ತುಂಬಿಕೊಂಡಿತು.

ತುಂಡುಗಳ ಅಂಚನ್ನು ಸ್ವಲ್ಪ ಒಂದರ ಮೇಲೊಂದು ಹಾಯಿಸಿದರೆ, ಅಂದರೆ ಹಿಂದಿನ ತುಂಡಿನ ಕೊನೆಯ ಎರಡು ಸ್ಲೈಡನ್ನು ಮುಂದಿನದಕ್ಕೂ ಕೊಟ್ಟರೆ ಸರಿಹೋಗುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಕಥೆ, ವರದಿಯಂಥ ಹರಿಯುವ ಗದ್ಯಕ್ಕೆ ಅದು ಒಳ್ಳೆಯದೇ. ಡೆಕ್ಕಿಗೆ ಅಷ್ಟು ಒಗ್ಗುವುದಿಲ್ಲ. ತಲೆಬರಹದ ಸ್ಲೈಡು ಎರಡು ಹಿಂದಿರಬಹುದು, ಇಪ್ಪತ್ತು ಹಿಂದೆಯೂ ಇರಬಹುದು. ಮೇಲಾಗಿ ಎರಡು ತುಂಡಿನಲ್ಲೂ ಬಂದ ಸ್ಲೈಡಿನ ಅಂಕಿ ಒಟ್ಟುಗೂಡಿಸುವಾಗ ಎರಡು ಸಲ ಲೆಕ್ಕಕ್ಕೆ ಬರುವ ಅಪಾಯ ಬೇರೆ. ಡೆಕ್ಕಿನ ಸಹಜ ಗೆರೆಗಳಿರುವುದು ವಿಭಾಗಗಳ ನಡುವೆ. ಅಲ್ಲೇ ಕತ್ತರಿಸಬೇಕು. ಒಂದು ವಿಭಾಗ ತೀರಾ ದೊಡ್ಡದಾಗಿ ಒಳಗೇ ಕತ್ತರಿಸಬೇಕಾಗಿ ಬಂದರೆ, ಪ್ರತಿ ತುಂಡಿನ ನೆತ್ತಿಯ ಮೇಲೂ ವಿಭಾಗದ ಹೆಸರು ಮತ್ತೆ ಬರೆಯಬೇಕು. ಬಸ್ಸಿನ ಹಿಂದೆಯೂ ಮುಂದೆಯೂ ಊರಿನ ಬೋರ್ಡು ಇರುತ್ತದಲ್ಲ, ಹಾಗೆ.

ನಾಲೆಯ ತಪ್ಪು ಸಿಕ್ಕಿದ ಮೇಲೆ ನಿದ್ದೆ ಹಾರಿತು. ಉಳಿದದ್ದನ್ನೂ ನೋಡೋಣ ಎಂದು ಕಾಗದ ಪೆನ್ನು ತೆಗೆದುಕೊಂಡು ಕೂತೆ.

ಇಲ್ಲಿ ಊರಿನ ವಿಷಯ ಎರಡು ಮಾತು ಹೇಳಬೇಕು. ಗಂಗಾ ಆಕ್ಷನ್ ಪ್ಲಾನ್ 1986ರ ಜೂನ್‌ನಲ್ಲಿ ಶುರುವಾದದ್ದು ಇದೇ ಕಾಶಿಯ ಘಾಟಿನಲ್ಲಿ, ರಾಜೀವ್ ಗಾಂಧಿ ಬಂದು ಚಾಲನೆ ಕೊಟ್ಟಿದ್ದರು. ಆ ಯೋಜನೆಯ ಕಾಲದ ಶುದ್ಧೀಕರಣ ಘಟಕಗಳು ಮೂರು: ದೀನಾಪುರ, ಭಗವಾನ್‌ಪುರ ಮತ್ತು ಡೀಸೆಲ್ ಲೋಕೋ ಕಾರ್ಖಾನೆಯ ಆವರಣದ್ದು. ಆಮೇಲೆ ಗೋಯಿಠಾ, ದೀನಾಪುರದಲ್ಲಿ ಇನ್ನೊಂದು, ರಮಣಾ ಸೇರಿದವು. ದೀನಾಪುರದ ಹೊಸ ಘಟಕದ ಉದ್ಘಾಟನೆ ಆದದ್ದು 2018ರ ನವೆಂಬರಿನಲ್ಲಿ. ಇವುಗಳ ಸಾಮರ್ಥ್ಯವನ್ನು ಎಂಎಲ್‌ಡಿ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಎಂಎಲ್‌ಡಿ ಎಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್.

ಸಾರಾಂಶದಲ್ಲಿ ಹೀಗಿತ್ತು: ದೀನಾಪುರ ಘಟಕವನ್ನು 80ರಿಂದ 140 ಎಂಎಲ್‌ಡಿಗೆ ಏರಿಸಲಾಗಿದೆ, ಗೋಯಿಠಾ 120, ರಮಣಾ 50, ಲೋಕೋ ಕಾರ್ಖಾನೆ 12, ಭಗವಾನ್‌ಪುರ 9.8. ಕೂಡಿದೆ. 331.8 ಬಂತು. ಡೆಕ್ಕಿನ ಕೊನೆಯಲ್ಲಿ, 184ನೇ ಸ್ಲೈಡಿನಲ್ಲಿ, ನಗರದ ಒಟ್ಟು ಸಾಮರ್ಥ್ಯ ಸುಮಾರು 412 ಎಂದಿತ್ತು. ಎಂಬತ್ತು ಕಡಿಮೆ. ಎಂಬತ್ತು ಎಂಎಲ್‌ಡಿ ಎಂದರೆ ದಿನಕ್ಕೆ ಎಂಟು ಕೋಟಿ ಲೀಟರ್ ನೀರು, ನನ್ನ ಒಂದು ಪುಟದಲ್ಲಿ ಮಾಯವಾಗಿತ್ತು.

ಕಾರಣ ಈಗ ನಿಮಗೂ ಹೊಳೆದಿರಬೇಕು. ದೀನಾಪುರದಲ್ಲಿ ಒಂದೇ ಘಟಕ ದೊಡ್ಡದಾಗಿಲ್ಲ, ಎರಡು ಬೇರೆ ಘಟಕಗಳಿವೆ, ಹಳೆಯದು 80, ಹೊಸದು 140. ಹಳೆಯದು 22ನೇ ಸ್ಲೈಡಿನ ಪಟ್ಟಿಯಲ್ಲಿತ್ತು, ಹೊಸದು 71ರಲ್ಲಿ. ಎರಡನೇ ತುಂಡಿನ ಸಾರಾಂಶ 'ದೀನಾಪುರ 80' ಎಂದಿತು, ಐದನೇದು 'ದೀನಾಪುರ 140' ಎಂದಿತು. ಎರಡೂ ಸರಿ. ಒಟ್ಟುಗೂಡಿಸುವ ಹಂತಕ್ಕೆ ಮೂಲ ಸ್ಲೈಡುಗಳು ಕಾಣುವುದಿಲ್ಲ, ಈ ಎರಡು ಸಾಲು ಮಾತ್ರ ಕಾಣುತ್ತವೆ. ಒಂದೇ ಹೆಸರು, ಮೊದಲು ಚಿಕ್ಕ ಅಂಕಿ, ಆಮೇಲೆ ದೊಡ್ಡ ಅಂಕಿ. ಬೆಳೆಯಿತು ಎನ್ನುವ ಕಥೆ ತಾನಾಗಿ ಹುಟ್ಟುತ್ತದೆ. ಊರಿಗೆ ಹೊಸಬನಾದ ಮನುಷ್ಯನೂ ಅದೇ ತಪ್ಪು ಮಾಡಿಯಾನು.

ಮೂರನೆಯದು ತಪ್ಪಲ್ಲ, ಕಾಣೆಯಾದದ್ದು. 118ನೇ ಸ್ಲೈಡಿನಲ್ಲಿ ಒಂದೇ ಸಾಲು ಇತ್ತು. ಕರೆಂಟು ಹೋದಾಗ ಪಂಪು ನಿಂತರೆ ಕೊಳಚೆ ಶುದ್ಧೀಕರಣ ಘಟಕಕ್ಕೆ ಹೋಗದೆ ನೇರ ನದಿಗೆ ಹರಿಯುತ್ತದೆ, ಬದಲಿ ವಿದ್ಯುತ್ ವ್ಯವಸ್ಥೆ ಬೇಕು. ಕಾಶಿಯಲ್ಲಿ ಇದು ಹಳೆಯ ವಾದ. ಸಂಕಟಮೋಚನ ದೇವಸ್ಥಾನದ ಮಹಂತರೂ ಬಿಎಚ್‌ಯುನ ಎಂಜಿನಿಯರಿಂಗ್ ಪ್ರಾಧ್ಯಾಪಕರೂ ಆಗಿದ್ದ ವೀರಭದ್ರ ಮಿಶ್ರ ಅವರು ವರ್ಷಗಟ್ಟಲೆ ಹೇಳುತ್ತಿದ್ದದ್ದು ಇದನ್ನೇ: ವಿದ್ಯುತ್ ಪಂಪಿನ ಮೇಲೆ ನಿಂತ ವ್ಯವಸ್ಥೆ ಕರೆಂಟಿಲ್ಲದ ಹೊತ್ತಿನಲ್ಲಿ ಕೈಕೊಡುತ್ತದೆ. ಆ ಸ್ಲೈಡಿನ ಸಾಲನ್ನು ಎಂಟನೇ ತುಂಡಿನ ಸಾರಾಂಶ ಬಿಟ್ಟಿರಲಿಲ್ಲ, ಐದರಲ್ಲಿ ಒಂದಾಗಿ ಬರೆದಿತ್ತು. ಬಿಟ್ಟದ್ದು ಒಟ್ಟುಗೂಡಿಸುವಾಗ. 13 ತುಂಡಿಗೆ ಐದರಂತೆ 65 ಅಂಶ ಮುಂದಿಟ್ಟು ಒಂದು ಪುಟ ಮಾಡೆಂದರೆ, ಪದೇ ಪದೇ ಬರುವ ಮಾತು ಮುಖ್ಯವೆಂದು ಉಳಿಯುತ್ತದೆ, ಒಂದೇ ಸಲ ಬಂದದ್ದು ಉದುರುತ್ತದೆ. 'ಘಾಟುಗಳ ಸೌಂದರ್ಯೀಕರಣ' ನಾಲ್ಕು ತುಂಡುಗಳಲ್ಲಿ ಬಂದಿತ್ತು, ಅದಕ್ಕೆ ಒಂದು ಪ್ಯಾರಾ ಸಿಕ್ಕಿತ್ತು. ಎಲ್ಲ ತುಂಡಿಗೂ ಐದೈದು ಅಂಶ ಎಂದು ಸಮಪಾಲು ಹಂಚಿದ್ದು ನನ್ನದೇ ದಡ್ಡತನ. ಫೋಟೋ ತುಂಬಿದ ಹದಿನೈದು ಸ್ಲೈಡಿಗೂ ಐದು, ಅಂಕಿ ತುಂಬಿದ ಹದಿನೈದಕ್ಕೂ ಐದು.

ರಾತ್ರಿ ಹನ್ನೊಂದು ದಾಟಿತ್ತು. ಎರಡನೇ ಸುತ್ತಿಗೆ ಕೂತೆ.

ವಿಭಾಗಗಳ ಗೆರೆ ನೋಡಿ ಕತ್ತರಿಸಿದಾಗ 14 ತುಂಡಾಯಿತು. ಪ್ರತಿಯೊಂದನ್ನೂ ಕಳಿಸುವ ಮೊದಲು ಟೋಕನ್ ಎಣಿಸಿದೆ. ಇದನ್ನು ಬಿಡಬಾರದು. ಕೆಲವು ಸರ್ವರುಗಳಲ್ಲಿ ಪಠ್ಯ ಮಿತಿ ಮೀರಿದರೆ ತಪ್ಪು ಎಂದು ಹೇಳುವುದಿಲ್ಲ, ಸದ್ದಿಲ್ಲದೆ ಒಂದು ಕಡೆ ಕತ್ತರಿಸಿ ಮಿಕ್ಕದ್ದನ್ನು ಓದುತ್ತದೆ. ಹಿಂದಿ ಹೆಚ್ಚಿದ್ದ ಎರಡು ವಿಭಾಗ ಮಿತಿ ಮೀರಿದ್ದವು. ಅವನ್ನು ಚಿಕ್ಕದು ಮಾಡಿ, ಅತಿ ಚಿಕ್ಕದಾದ ನೆರೆಯ ವಿಭಾಗಗಳನ್ನು ಸೇರಿಸಿ, ಮತ್ತೆ ಹದಿನಾಲ್ಕಕ್ಕೇ ತಂದೆ.

ದೊಡ್ಡ ಬದಲಾವಣೆ ಮಾಡಿದ್ದು ತುಂಡಿನಿಂದ ಏನು ಕೇಳುತ್ತೇವೆ ಎಂಬುದರಲ್ಲಿ. ಗದ್ಯದ ಸಾರಾಂಶ ಕೇಳಲಿಲ್ಲ. ಗದ್ಯ ನಯವಾಗಿರುತ್ತದೆ, ನಯದಲ್ಲಿ ಅಂಚುಗಳು ಸವೆಯುತ್ತವೆ. ಬದಲಿಗೆ ಪ್ರತಿ ಅಂಶಕ್ಕೂ ಒಂದು ಚೀಟಿ ಬರೆಸಿದೆ: ಯಾವ ಸ್ಲೈಡು, ಯಾವುದರ ಬಗ್ಗೆ, ಎಷ್ಟು, ಯಾವ ಅಳತೆ, ಈಗ ಯಾವ ಸ್ಥಿತಿ, ಯಾವ ವರ್ಷದ ಮಾತು. ಒಂದು ಚೀಟಿ ಹೀಗಿತ್ತು:

```json
{"slide": 71, "name": "Dinapur STP", "value": 140,
 "unit": "MLD", "status": "running", "as_of": "2018"}
```

ಸ್ಥಿತಿಯ ಜಾಗಕ್ಕೆ ನಾಲ್ಕೇ ಉತ್ತರ ಕೊಟ್ಟಿದ್ದೆ: ನಡೆಯುತ್ತಿದೆ, ಕಟ್ಟುತ್ತಿದ್ದಾರೆ, ಪ್ರಸ್ತಾಪ, ಸ್ಲೈಡಿನಲ್ಲಿ ಹೇಳಿಲ್ಲ. ನಾಲ್ಕನೆಯದೇ ಮುಖ್ಯ. ಹೇಳಿಲ್ಲ ಎನ್ನಲು ಜಾಗ ಕೊಡದಿದ್ದರೆ ಮಾಡೆಲ್ ಮೂರರಲ್ಲಿ ಒಂದನ್ನು ಊಹಿಸುತ್ತದೆ. ಅಂಕಿ ಇಲ್ಲದ ಎಚ್ಚರಿಕೆಯ ಮಾತುಗಳಿಗೆ ಬೇರೆ ಒಂದು ಖಾನೆ ಇಟ್ಟೆ, ತುಂಡಿನಲ್ಲಿ ಎಷ್ಟಿದ್ದರೆ ಅಷ್ಟೂ ಬರಲಿ, ಒಂದೂ ಇಲ್ಲದಿದ್ದರೆ ಖಾಲಿ ಬಿಡಲಿ ಎಂದು. ಕರೆಂಟಿನ ಸಾಲು ಈ ಖಾನೆಯಲ್ಲಿ ಬಂದು ಕೂತಿತು. ಒಟ್ಟುಗೂಡಿಸುವಾಗ ಈ ಖಾನೆಯನ್ನು ಕುಗ್ಗಿಸಲು ಬಿಡಲಿಲ್ಲ, ಹಾಗೇ ಮುಂದೆ ದಾಟಿಸಿದೆ.

ಇನ್ನು ಚೀಟಿಗಳನ್ನು ಒಟ್ಟುಗೂಡಿಸುವುದು. ಇದನ್ನು ಪೂರ್ತಿ ಮಾಡೆಲ್‌ಗೆ ಬಿಡದೆ ಅರ್ಧ ಕೆಲಸ ಸಾಮಾನ್ಯ ಪ್ರೋಗ್ರಾಮಿಗೆ ಕೊಟ್ಟೆ. ಹೆಸರು ಹೊಂದಿಸುವುದು, ಕೂಡುವುದು ಅದರ ಕೆಲಸ. ಭಾಷಾ ಮಾಡೆಲ್‌ಗಳ ಕೂಡುವ ಲೆಕ್ಕವನ್ನು ನಾನು ನಂಬುವುದಿಲ್ಲ. ಹತ್ತು ಸಲದಲ್ಲಿ ಒಂಬತ್ತು ಸಲ ಸರಿ ಇದ್ದರೂ ಹತ್ತನೇ ಸಲ ಅದೇ ಆತ್ಮವಿಶ್ವಾಸದಲ್ಲಿ ತಪ್ಪು ಹೇಳುತ್ತವೆ.

ಹೆಸರೂ ಸಾಮರ್ಥ್ಯವೂ ಎರಡೂ ಒಂದೇ ಇದ್ದರೆ ಮಾತ್ರ ಅದು ಒಂದೇ ಘಟಕ ಎಂಬ ನಿಯಮ ಇಟ್ಟೆ. ದೀನಾಪುರ 80, ದೀನಾಪುರ 140 ಈಗ ಎರಡಾದವು. ರಮಣಾ ಹಳೆಯ ಸ್ಲೈಡಿನಲ್ಲಿ ಪ್ರಸ್ತಾಪ, ಹೊಸ ಸ್ಲೈಡಿನಲ್ಲಿ ನಡೆಯುತ್ತಿದೆ ಎಂದಿತ್ತು, ಎರಡರಲ್ಲೂ ಸಾಮರ್ಥ್ಯ 50. ಆದ್ದರಿಂದ ಒಂದೇ ಘಟಕ, ಸ್ಥಿತಿಗೆ ಮಾತ್ರ ಈಚಿನ ವರ್ಷದ್ದು ಊರ್ಜಿತ. ಸ್ಥಿತಿ ಬದಲಾಗುತ್ತದೆ, ಕಟ್ಟಿದ ಘಟಕ ಕಾಗದದ ಮೇಲೆ ಕರಗುವುದಿಲ್ಲ. ಚೆನ್ನಾಗಿದೆ ಎಂದುಕೊಂಡು ಕೂಡಿಸಿದರೆ ಮೊತ್ತ 419.8!

ಈ ಸಲ ಎಂಟು ಹೆಚ್ಚು. ಹುಡುಕಿದರೆ ಭಗವಾನ್‌ಪುರ. ಡೆಕ್ಕಿನ ಒಂದು ಸ್ಲೈಡಿನಲ್ಲಿ ಅದರ ಸಾಮರ್ಥ್ಯ 8 ಎಂದಿತ್ತು, ಇನ್ನೊಂದರಲ್ಲಿ 9.8. ದೀನಾಪುರವನ್ನು ಉಳಿಸಿದ ನಿಯಮವೇ ಭಗವಾನ್‌ಪುರವನ್ನು ಎರಡು ಮಾಡಿತ್ತು. ಅಲ್ಲಿ ಅಂಕಿ ಬೇರೆ, ಘಟಕವೂ ಬೇರೆ. ಇಲ್ಲಿ ಅಂಕಿ ಬೇರೆ, ಘಟಕ ಒಂದೇ. ಚೀಟಿಯಲ್ಲಿರುವ ಮಾಹಿತಿಯಿಂದಷ್ಟೇ ಇದನ್ನು ಬಿಡಿಸುವ ನಿಯಮ ಇಲ್ಲ. ಇಂಥ ಕಡೆ ಪ್ರೋಗ್ರಾಮು ತೀರ್ಮಾನ ಮಾಡದೆ, ಒಂದೇ ಹೆಸರು, ಎರಡು ಅಂಕಿ, ಇಂತಿಂಥ ಸ್ಲೈಡು ಎಂದು ಪಟ್ಟಿ ಕೊಟ್ಟು ಸುಮ್ಮನಾಗಬೇಕು. ಹಾಗೆ ಬದಲಿಸಿದೆ. ಪಟ್ಟಿಯಲ್ಲಿ ಬಂದದ್ದು ಏಳೇ ಸಾಲು. ಸ್ಲೈಡು ತೆರೆದು ನೋಡಲು ಕಾಲು ಗಂಟೆ ಸಾಕಾಯಿತು. ಭಗವಾನ್‌ಪುರಕ್ಕೆ 9.8 ಇಟ್ಟುಕೊಂಡರೆ ಮೊತ್ತ 411.8, ಕೊನೆಯ ಸ್ಲೈಡಿನ 412ಕ್ಕೆ ಹೊಂದಿತು. ಪುಟದ ಅಡಿಯಲ್ಲಿ, ಇನ್ನೊಂದು ಸ್ಲೈಡಿನಲ್ಲಿ 8 ಎಂದಿದೆ ಎಂದು ಬರೆದೆ.

ಆಮೇಲಷ್ಟೇ ಮಾಡೆಲ್‌ನಿಂದ ಗದ್ಯ ಬರೆಸಿದ್ದು. ಚೀಟಿಗಳಿಗೆ ತುಂಡಿಗೆ 350 ಟೋಕನ್ನಿನ ಮಿತಿ ಹಾಕಿದ್ದರಿಂದ ಹದಿನಾಲ್ಕಕ್ಕೆ 4,900 ಆಯಿತು. ಸೂಚನೆ, ಉತ್ತರ ಎಲ್ಲ ಸೇರಿ 6,100, ಒಂದೇ ಸಲಕ್ಕೆ ಹಿಡಿಸಿತು. ಹಿಡಿಸದಿದ್ದರೆ ಮೂರು ನಾಲ್ಕು ತುಂಡಿನದನ್ನು ಒಂದು ಮಾಡಿ, ಆ ಗುಂಪುಗಳನ್ನು ಮತ್ತೆ ಒಂದು ಮಾಡಬೇಕು. ಓಪನ್‌ಎಐನವರು 2021ರಲ್ಲಿ ಇಡೀ ಪುಸ್ತಕಗಳನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಾರಾಂಶ ಮಾಡಿಸಿದ್ದರು. ಮೆಟ್ಟಿಲು ಹೆಚ್ಚಿದಷ್ಟೂ ಮೂಲ ದೂರವಾಗುತ್ತದೆ, ಒಂದರಲ್ಲಿ ಮುಗಿಯುವುದಾದರೆ ಎರಡು ಬೇಡ.

ತುಂಡುಗಳನ್ನು ಬೇರೆ ಬೇರೆ ಓದಿಸದೆ, ಮೊದಲ ತುಂಡಿನ ಸಾರಾಂಶವನ್ನು ಕೈಯಲ್ಲಿ ಕೊಟ್ಟು ಎರಡನೆಯದನ್ನು ಓದಿಸುತ್ತ, ತಿದ್ದುತ್ತ ಹೋಗುವ ಇನ್ನೊಂದು ರೀತಿಯೂ ಇದೆ. ಕಥೆಯಂತೆ ಒಂದರ ಮೇಲೊಂದು ಬೆಳೆಯುವ ಪಠ್ಯಕ್ಕೆ ಅದು ಚೆನ್ನ, ವಿವರವೂ ಹೆಚ್ಚು ಉಳಿಯುತ್ತದೆ. ಆದರೆ ಎಲ್ಲವೂ ಒಂದರ ಹಿಂದೊಂದು ನಡೆಯಬೇಕು, ಮಧ್ಯೆ ಒಂದು ಕಡೆ ದೀನಾಪುರ 140 ಎಂದು ತಿದ್ದಿಬಿಟ್ಟರೆ 80 ಅಲ್ಲೇ ಅಳಿಸಿಹೋಗುತ್ತದೆ, ಎಲ್ಲಿ ಅಳಿಯಿತು ಎಂದು ಹುಡುಕಲು ಚೀಟಿಯೂ ಉಳಿಯುವುದಿಲ್ಲ. ಬೇರೆ ಬೇರೆ ವರ್ಷಗಳ ಸ್ಲೈಡು ಹೊಲಿದ ಡೆಕ್ಕಿಗೆ ನಾನಂತೂ ಅದನ್ನು ಬಳಸುವುದಿಲ್ಲ.

ಕೊನೆಯ ತಪಾಸಣೆ ಎರಡು. ಗದ್ಯದ ಪ್ರತಿ ವಾಕ್ಯದ ಕೊನೆಗೆ ಸ್ಲೈಡಿನ ಸಂಖ್ಯೆ ಬೇಕೆಂದಿದ್ದೆ, ಅವುಗಳಲ್ಲಿ ಹತ್ತನ್ನು ತೆರೆದು ಓದಿದೆ. ಎರಡನೆಯದು, ಸಾರಾಂಶದಲ್ಲಿರುವ ಅಂಕಿಯೆಲ್ಲ ಮೂಲದಲ್ಲಿದೆಯೇ ಎಂದು ನೋಡುವ ಎರಡು ಸಾಲು:

```python
nums = lambda s: set(re.findall(r"\d+(?:\.\d+)?", s))
print(nums(summary) - nums(deck_text))
```

ಇದು ಮುದ್ರಿಸುವ ಅಂಕಿಗಳು ಮೂಲದಲ್ಲಿ ಇಲ್ಲದವು. ಸ್ಲೈಡಿನ ಸಂಖ್ಯೆಗಳನ್ನು ಮೊದಲೇ ತೆಗೆದು ಓಡಿಸಬೇಕು, ಇಲ್ಲವಾದರೆ ಅವೂ ಬರುತ್ತವೆ. ಹಿಂದಿ ಸ್ಲೈಡುಗಳು ಇನ್ನೊಂದು ಪಾಠ ಕಲಿಸಿದವು. ದೇವನಾಗರಿ ಅಂಕಿಯನ್ನು ಪೈಥಾನ್ ಅಂಕಿ ಎಂದೇ ಗುರುತಿಸುತ್ತದೆ, ಆದರೆ ದೇವನಾಗರಿಯ 120ಕ್ಕೂ ಇಂಗ್ಲಿಷಿನ 120ಕ್ಕೂ ಅಕ್ಷರ ಬೇರೆ, ಆದ್ದರಿಂದ ಹೊಂದುವುದಿಲ್ಲ. ಮೊದಲು ಎಲ್ಲವನ್ನೂ ಒಂದೇ ಲಿಪಿಗೆ ತಂದುಕೊಳ್ಳಬೇಕು. ಕನ್ನಡ ಅಂಕಿ ಇರುವ ಕಡತಕ್ಕೂ ಇದೇ ಮಾತು. ಆದರೆ ಈ ತಪಾಸಣೆಗೆ ಅತಿ ಭರವಸೆ ಬೇಡ. '80ರಿಂದ 140ಕ್ಕೆ ಏರಿಸಲಾಗಿದೆ' ಎಂಬ ವಾಕ್ಯ ಇದರ ಕಣ್ಣಿಗೆ ಬೀಳುವುದೇ ಇಲ್ಲ, ಎರಡೂ ಅಂಕಿ ಮೂಲದಲ್ಲಿವೆಯಲ್ಲ. ಅದನ್ನು ಹಿಡಿದದ್ದು ಡೆಕ್ಕಿನದೇ ಒಟ್ಟು ಮೊತ್ತ. ಯಾವ ಡೆಕ್ ಬಂದರೂ ನಾನೀಗ ಮೊದಲು ಹುಡುಕುವುದು ಅದರೊಳಗೇ ಇರುವ ಇಂಥ ಒಂದು ಮೊತ್ತವನ್ನು.

ಬೆಳಗಿನ ಜಾವ ಎರಡಕ್ಕೆ ಇನ್ನೊಂದು ವಿಷಯ ಗಮನಕ್ಕೆ ಬಂತು. 186 ಸ್ಲೈಡಿನಲ್ಲಿ ಚೀಟಿ ಹುಟ್ಟದೇ ಇದ್ದವು ಎಷ್ಟು ಎಂದು ಎಣಿಸಿದೆ. ಆರತಿಯ ಫೋಟೋಗಳನ್ನು ಬಿಟ್ಟರೂ 21 ಸ್ಲೈಡು ಖಾಲಿ. ತೆರೆದರೆ ಅಲ್ಲಿ ಗ್ರಾಫ್‌ಗಳಿದ್ದವು, ಆದರೆ ಚಿತ್ರವಾಗಿ ಅಂಟಿಸಿದವು. ಪಠ್ಯ ಹೊರತೆಗೆಯುವ python-pptx ಚಿತ್ರದೊಳಗಿನ ಅಕ್ಷರ ಓದುವುದಿಲ್ಲ, ಒಟ್ಟುಗೂಡಿಸಿದ ಆಕಾರಗಳ ಒಳಗೂ ನಾವೇ ಹೇಳದೆ ಇಣುಕುವುದಿಲ್ಲ. ಕತ್ತರಿ, ಅಂಟು ಎಲ್ಲದಕ್ಕೂ ಮೊದಲೇ ಈ ಇಪ್ಪತ್ತೊಂದು ಸ್ಲೈಡು ಆಟದಿಂದ ಹೊರಗಿದ್ದವು, ನಾನು ನಾಲ್ಕು ಗಂಟೆಯಿಂದ ಅವಿಲ್ಲದ ಡೆಕ್ಕಿನ ಸಾರಾಂಶ ಮಾಡುತ್ತಿದ್ದೆ. ಅವುಗಳಲ್ಲಿ ಹನ್ನೆರಡು ಗ್ರಾಫ್‌ಗಳು ನದಿಯ ನೀರಿನ ಪರೀಕ್ಷೆಯವು, ಅಂದರೆ ಈ ಘಟಕಗಳಿಂದ ಆದ ಪ್ರಯೋಜನ ಏನು ಎಂದು ಕೇಳಿದರೆ ತೋರಿಸಬೇಕಾದದ್ದೇ ಅವು.

ಕೈಯಲ್ಲೇ ಟೈಪು ಮಾಡಿದೆ. ಮುಗಿದಾಗ ಲಂಕಾ ವೃತ್ತದ ಕಡೆಯಿಂದ ಹಾಲಿನ ಗಾಡಿಯ ಸದ್ದು ಬರುತ್ತಿತ್ತು.

ಹತ್ತು ಗಂಟೆಯ ಮೀಟಿಂಗಿನಲ್ಲಿ ಗ್ರಾಹಕರ ಕಡೆಯ ಅಧಿಕಾರಿಯೊಬ್ಬರು ಕೇಳಿದ ಮೊದಲ ಪ್ರಶ್ನೆ, "ದೀನಾಪುರ ಎಂಬತ್ತೋ, ನೂರನಲವತ್ತೋ?" ಎರಡೂ ಇವೆ ಸರ್, 22 ಮತ್ತು 71ನೇ ಸ್ಲೈಡು ಎಂದೆ. ಎರಡನೆಯ ಪ್ರಶ್ನೆ ಕರೆಂಟಿನದು. ಅದಕ್ಕೆ ಡೆಕ್ಕಿನಲ್ಲಿ ಒಂದೇ ಸಾಲು ಇತ್ತು, ಅದನ್ನೇ ಓದಿ ಹೇಳಿದೆ. ಅದರ ವೆಚ್ಚ ಎಷ್ಟು ಎಂದರು. 186ರಲ್ಲಿ ಎಲ್ಲೂ ಇರಲಿಲ್ಲ, ಹಾಗೆಂದೇ ಹೇಳಿದೆ, ಅವರು ಬರೆದುಕೊಂಡರು.